‘ನಶೆ ಗುಳಿಗಿ ಅಂತಲ್ರೀ ಮೇಡಂ?’ ಎಡಿಎಚ್‌ಡಿ ಮಾತ್ರೆಗೆ ಹೆದರಿದ ಮನೆಯವರ ಜತೆ ಮಾತಾಡೋದು ಹೇಗೆ

ಗಂಗಾವತಿ ಕಡೆಯ ಒಂಬತ್ತು ವರ್ಷದ ಹುಡುಗ, ಗುರುತು ಸಿಗದಂಗೆ ವಿವರ ಬದಲಿಸೀನಿ. ಗಮನ ಒಂದೆಡೆ ನಿಲ್ಲದ, ಕೂತಲ್ಲಿ ಕೂರಲಾಗದ ಎಡಿಎಚ್‌ಡಿ ತೊಂದರೆಗೆ ಮನೋವೈದ್ಯರು ಮೀಥೈಲ್‌ಫೆನಿಡೇಟ್ 5 ಎಂಜಿ ಬೆಳಿಗ್ಗೆ ಒಂದು ಅಂತ ಬರೆದು ಕೊಟ್ಟಿದ್ರು, ಚೀಟಿ ಎರಡು ವಾರ ಅವ್ವನ ಪರ್ಸಲ್ಲೇ ಇತ್ತು. ಆಪ್ತಸಲಹೆಗೆ ನನ್ನ ಹತ್ರ ಬಂದಾಗ ಅಪ್ಪ ಮೊದಲು ಕೇಳಿದ್ದೇ ಮೇಲಿನ ಪ್ರಶ್ನೆ.

ಇಲ್ಲಿ ‘ಏನೂ ಆಗಲ್ಲ, ಕೊಡ್ರಿ’ ಅಂದ್ರೆ ಕೆಲಸ ಕೆಟ್ಟಿತು. ಮೊದಲು ಹೆದರಿಕೆ ಎಲ್ಲಿಂದ ಬಂತು ಅಂತ ಕೇಳ್ಬೇಕು. ನಾನು ಕೇಳಿದೆ, ‘ಯಾರು ಹೇಳಿದ್ರಣ್ಣಾ?’ ಅವರು, ‘ಮೆಡಿಕಲ್ ಶಾಪಿನವ ಹೇಳಿದ್ರಿ, ಇದನ್ನ ನಾವು ಇಡಂಗಿಲ್ಲ, ಪೊಲೀಸ್ ಕೇಸ್ ಆಗೋ ಐಟಂ ಐತಿ ಅಂದ.’ ಅವನು ಹೇಳಿದ್ರಲ್ಲಿ ಅರ್ಧ ನಿಜ. ಈ ಮಾತ್ರೆ ಔಷಧ ಕಾನೂನಿನ ಬಿಗಿ ನಿಯಂತ್ರಣದ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿ ಬರ್ತದೆ, ಮಾರೋದಕ್ಕೆ ಬೇರೆ ಲೈಸೆನ್ಸ್ ಬೇಕು, ಡಾಕ್ಟರ್ ಚೀಟಿ ಎರಡು ಪ್ರತಿ ಬರೀಬೇಕು, ಅಂಗಡಿಯವರು ಒಂದನ್ನ 2 ವರ್ಷ ಇಟ್ಕೋಬೇಕು, ಅದಕ್ಕೇ ಎಲ್ಲ ಅಂಗಡೀಲೂ ಸಿಗಲ್ಲ. ಇದನ್ನ ಚೀಟಿ ಕೊಡೋ ದಿನಾನೇ ಯಾರಾದ್ರೂ ಹೇಳಿದ್ರೆ ಎರಡು ವಾರ ಉಳೀತಿತ್ತು.

ಆಮೇಲೆ ನಶೆ ವಿಷಯ ನೇರವಾಗಿ ಹೇಳಿದೆ. ಜಾಸ್ತಿ ಪ್ರಮಾಣದಲ್ಲಿ, ಪುಡಿ ಮಾಡಿ ಮೂಗಿಗೆ ಏರಿಸಿದ್ರೆ ಚಟ ಆಗ್ಬಹುದು, ಆ ಕಾರಣಕ್ಕೆ ಕಾನೂನು ಬಿಗಿ, ಆ ಕಾರಣಕ್ಕೇ ಮನೆಯಲ್ಲಿ ಬೀಗದೊಳಗೆ ಇಡ್ಬೇಕು. ಡಾಕ್ಟರ್ ಹೇಳಿದಷ್ಟನ್ನ ಬಾಯಿಂದ ನುಂಗಿದಾಗ ನಿಧಾನ ಏರ್ತದೆ, ನಶೆ ಆಗೋದಿಲ್ಲ. ಈ ಸಾದಾ ಮಾತ್ರೆ ಅರ್ಧ-ಒಂದು ತಾಸಲ್ಲಿ ಶುರುವಾಗಿ ಸುಮಾರು ನಾಲ್ಕು ತಾಸಿಗೆ ಇಳೀತದೆ, ರಾತ್ರಿ ಹೊತ್ತಿಗೆ ಹೆಚ್ಚುಕಡಿಮೆ ಮುಗೀತದೆ. ಇದನ್ನ ಕೇಳಿ ಅಪ್ಪನ ಮುಖ ಸ್ವಲ್ಪ ಸಡಿಲಾಯ್ತು, ‘ಅಂದ್ರ ಬಿಡ್ಬೇಕಂದ್ರ ಬಿಡಬೌದಾ?’ ಬಿಡಬೌದು, ಆದ್ರೆ ಡಾಕ್ಟರಿಗೆ ಕೇಳಿ.

ಅಜ್ಜಿಯದು ಬೇರೆ ಚಿಂತೆ: ‘ಕೂಸು ಉಣ್ಣಂಗಿಲ್ಲಂತ, ಒಣಗಿ ಹೋಗ್ತೈತಿ.’ ಇದನ್ನ ತಳ್ಳಿ ಹಾಕಂಗಿಲ್ಲ, ಮಧ್ಯಾಹ್ನ ಹಸಿವು ಕಡಿಮೆ ಆಗೋದು ತೀರಾ ಸಾಮಾನ್ಯ, ತುಂಬ ವರ್ಷ ತಗೊಂಡ್ರೆ ಎತ್ತರ ಬೆಳವಣಿಗೆ ಕೂಡ ಸ್ವಲ್ಪ ಕಮ್ಮಿ ಆಗ್ಬಹುದು. ‘ಹಂಗಾದ್ರ ನೀವೇ ಕಾವಲಿರ್ರಿ ಅಜ್ಜಿ’ ಅಂದೆ. ಮಾತ್ರೆಗೆ ಮುಂಚೆ ರೊಟ್ಟಿ-ಶೇಂಗಾ ಚಟ್ನಿ, ಸಂಜೆ ಔಷಧ ಇಳಿದ ಮೇಲೆ ಎರಡನೇ ಊಟ, ತಿಂಗಳಿಗೊಮ್ಮೆ ಒಂದೇ ತಕ್ಕಡೀಲಿ ತೂಕ. ಶುರುವಿನಲ್ಲಿ 24 ಕೆಜಿ.

ಮಾತ್ರೆ ಶುರುವಾಗೋಕ್ ಮುಂಚೆ ಇನ್ನೊಂದು ಕೇಳ್ಲೇಬೇಕು: ಹುಡುಗ ಆಡುವಾಗ ತಲೆಸುತ್ತಿ ಬಿದ್ದಿದ್ದಾನಾ, ಮನೆಯಲ್ಲಿ ಚಿಕ್ಕ ವಯಸ್ಸಲ್ಲಿ ಹೃದಯದಿಂದ ಹಠಾತ್ ಸತ್ತವರಿದ್ದಾರಾ. ಕಾಕನೊಬ್ಬರು ಹಂಗೆ ತೀರಿಕೊಂಡಿದ್ದು ಕೆಲವು ಮನೆಯವರು ಡಾಕ್ಟರ್ ಮುಂದೆ ಹೇಳಿರಲ್ಲ. ಹೌದು ಅಂದ್ರೆ ಮೊದಲು ಮನೋವೈದ್ಯರಿಗೆ ಫೋನ್.

ಈ ಮನೆಯಲ್ಲಿ ಇಲ್ಲ ಅಂದ್ರು. ‘ಜೀವನಪೂರ್ತಿ’ ಅಂತ ಯಾರೂ ಹೇಳಿಲ್ಲ, ನಾಲ್ಕು ವಾರ ನೋಡೋಣ, ಆಮೇಲೆ ಡಾಕ್ಟರ್ ಜತೆ ಕೂತು ಮುಂದಿಂದು ತೀರ್ಮಾನ ಮಾಡೋಣ ಅಂತ ಒಪ್ಪಿಕೊಂಡ್ವಿ. ಒಂದು ನೋಟ್‌ಬುಕ್, ದಿನಕ್ಕೆ ಮೂರೇ ಸಾಲು: ಬೆಳಿಗ್ಗೆ ಶಾಲೆ ಹೇಗೆ, ಮಧ್ಯಾಹ್ನ ಹೇಗೆ, ಸಂಜೆ-ರಾತ್ರಿ ಹೇಗೆ. ಮೊದಲ ಎರಡು ಕ್ಲಾಸ್ ಟೀಚರ್ ಬರೀತಾರೆ, ಮೂರನೇದು ಅವ್ವ.

ಎರಡನೇ ವಾರದಲ್ಲೇ ಅವ್ವ ಮಾತ್ರೆ ನಿಲ್ಲಿಸಿಬಿಟ್ರು, ಯಾರಿಗೂ ಹೇಳದೆ. ‘ಉಪಯೋಗಿಲ್ರಿ, ಐದು ಗಂಟೆಗೆ ತಂಗಿಗೆ ಹೊಡೀತಾನ’ ಅಂದ್ರು. ನೋಟ್‌ಬುಕ್ ತೆಗೆದ್ರೆ ಕಥೆನೇ ಬೇರೆ: ಎಂಟಕ್ಕೆ ಮಾತ್ರೆ, ಹನ್ನೊಂದಕ್ಕೆ ಲೆಕ್ಕ ಕೂತು ಮುಗಿಸಿದ್ದಾನೆ, ಒಂದು ಗಂಟೆ ಮೇಲೆ ಮತ್ತೆ ಬೆಂಚಿಂದ ಎದ್ದು ಓಡಾಟ, ಸಂಜೆ ಕಿರಿಕಿರಿ. ಔಷಧ ಕೆಲಸ ಮಾಡ್ತಿದೆ ಆದ್ರೆ ಬೇಗ ಇಳೀತಿದೆ ಅನ್ನೋ ತರ ಕಾಣ್ತಿತ್ತು. ಅವ್ವ ನೋಡ್ತಿದ್ದಿದ್ದು ಮಾತ್ರೆ ಇಲ್ಲದ ಹೊತ್ತನ್ನ ಮಾತ್ರ.

ಇಲ್ಲಿ ನನ್ನಂಥವರು ಮಾಡೋ ತಪ್ಪು ‘ಒಂದು ಮಾತ್ರೆ ಜಾಸ್ತಿ ಮಾಡ್ರಿ’ ಅನ್ನೋದು. ಡೋಸ್ ನಮ್ಮ ಕೆಲಸ ಅಲ್ಲ. ಅಪ್ಪ-ಅವ್ವನ ಒಪ್ಪಿಗೆ ತಗೊಂಡು ಮನೋವೈದ್ಯರಿಗೆ ಅರ್ಧ ಪುಟ ಬರೆದೆ, ರೋಗನಿರ್ಣಯದ ಭಾಷಣ ಇಲ್ಲದೆ:

‘5 ಎಂಜಿ, ಬೆಳಿಗ್ಗೆ 8ಕ್ಕೆ, 10 ದಿನ ಕೊಟ್ಟರು. ಕೊನೆಯ 4 ದಿನ ಕೊಟ್ಟಿಲ್ಲ. 11ಕ್ಕೆ ಗಮನ ಚೆನ್ನಾಗಿದೆ ಎಂದು ಟೀಚರ್, 1ರ ನಂತರ ಮೊದಲಿನಂತೆ. ಸಂಜೆ 5ಕ್ಕೆ ಸಿಟ್ಟು. ಮಧ್ಯಾಹ್ನದ ಊಟ ಅರ್ಧ. ನಿದ್ದೆ 9:30ಕ್ಕೆ, ಮೊದಲಿನಂತೆ. ತೂಕ 23.8. ಮನೆಯವರ ಭಯ: ಚಟ. ನಾನು ಹೇಳಿರುವುದು: ನಾಲ್ಕು ವಾರ ನೋಡಿ ನಿಮ್ಮ ಜತೆ ತೀರ್ಮಾನ. ಬೇರೆ ಏನಾದರೂ ಹೇಳಬೇಕಿದ್ದರೆ ತಿಳಿಸಿ.’

ಕೊಡದ 4 ದಿನ ಬರೀಲೇಬೇಕು, ಇಲ್ಲಾಂದ್ರೆ ಡಾಕ್ಟರ್ ಔಷಧ ಫೇಲ್ ಅಂದ್ಕೊಂಡು ಬದಲಿಸಬಹುದು. ಕೊನೆ ಎರಡು ಸಾಲು ಯಾಕಂದ್ರೆ ನಾನೊಂದು ಹೇಳಿ ಅವರೊಂದು ಹೇಳಿದ್ರೆ ಮನೆಯವರು ಇಬ್ಬರನ್ನೂ ನಂಬಲ್ಲ.

ಡಾಕ್ಟರ್ ಬಿಪಿ, ನಾಡಿ ನೋಡಿ, ಮಧ್ಯಾಹ್ನ ಊಟ ಆದ್ಮೇಲೆ ಇನ್ನೊಂದು 5 ಎಂಜಿ ಸೇರಿಸಿದ್ರು, ಸಂಜೆ ಆದ್ಮೇಲೆ ಬೇಡ ನಿದ್ದೆ ಕೆಡ್ತದೆ ಅಂದ್ರು. ಎದೆನೋವು, ಎಚ್ಚರ ತಪ್ಪೋದು, ಇಲ್ಲದ್ದು ಕಾಣೋದು-ಕೇಳೋದು ಆದ್ರೆ ಮುಂದಿನ ಮಾತ್ರೆ ಕೊಡದೆ ಅವತ್ತೇ ಬರ್ರಿ ಅಂತನೂ ಹೇಳಿ ಕಳಿಸಿದ್ರು. ಆಟದ ಅವಧಿ ಮುಂಚೆ ಹೆಡ್‌ಮಾಸ್ತರ್ ರೂಮಿನ ಅಲ್ಮೇರಾದಿಂದ ಮಾತ್ರೆ ಕೊಡೋಕೆ ಟೀಚರ್ ಒಪ್ಪಿದ್ರು, ಬೇರೆ ಮಕ್ಕಳ ಮುಂದೆ ಅಲ್ಲ.

ಅಜ್ಜಿ ಈಗಲೂ ತಿಂಗಳಿಗೊಮ್ಮೆ ಕಿರಾಣಿ ಅಂಗಡಿ ತಕ್ಕಡಿ ಮೇಲೆ ಮೊಮ್ಮಗನ್ನ ನಿಲ್ಲಿಸ್ತಾರೆ, ಹೋದ ಸಲ 24.3 ಅಂತ ತಾವೇ ಬರೆಸಿದ್ರು.