ಕಿಟಕಿಗೆ ಬೆನ್ನು ಹಾಕಿ ಕುಳಿತ ಅಜ್ಜನ ಮುಖ ಕಾಣಿಸಿದ ಬಗೆ

ಮಾತನಾಡುವವರನ್ನು ಕಿಟಕಿಗೆ ಬೆನ್ನು ಹಾಕಿಸಿ ಕೂರಿಸಬಾರದು ಎಂಬ ಪಾಠ ನಮ್ಮ ಕಸುಬಿನಲ್ಲಿ ಮೊದಲ ದಿನವೇ ಸಿಗುತ್ತದೆ. ನಾನೂ ಮದುವೆ, ಉಪನಯನಗಳ ಚಿತ್ರೀಕರಣದಲ್ಲಿ ಹತ್ತು ಹನ್ನೆರಡು ವರ್ಷ ಅದನ್ನು ಪಾಲಿಸಿದವನೇ. ಆದರೆ ಶಿರಸಿಯ ಹತ್ತಿರದ ಹಳ್ಳಿಯೊಂದರಲ್ಲಿ ಎಂಬತ್ತು ದಾಟಿದ ತಾಳಮದ್ದಲೆಯ ಅರ್ಥಧಾರಿಯೊಬ್ಬರ ನೆನಪುಗಳನ್ನು ದಾಖಲಿಸಲು ಹೋದಾಗ ಆ ಪಾಠ ಕೆಲಸಕ್ಕೆ ಬರಲಿಲ್ಲ. ಅವರ ಆರಾಮ ಕುರ್ಚಿ ಪೂರ್ವದ ಕಿಟಕಿಯ ಮುಂದೆಯೇ ಇತ್ತು. ಮಂಡಿನೋವಿನಿಂದಾಗಿ ಅವರು ಬೇರೆಡೆ ಕೂರಲೊಲ್ಲರು, ಮಧ್ಯಾಹ್ನ ಊಟವಾದ ಮೇಲೆ ಮಲಗುವುದರಿಂದ ಬೆಳಗಿನ ಹತ್ತರಿಂದ ಹನ್ನೊಂದೂವರೆಯವರೆಗೆ ಮಾತ್ರ ಮಾತಿಗೆ ಸಿಗುತ್ತಿದ್ದರು. ಕಿಟಕಿಯ ಆಚೆಗೆ ಜನವರಿಯ ಬಿಸಿಲಿನಲ್ಲಿ ಹೊಳೆಯುವ ಸಿಮೆಂಟಿನ ಅಂಗಳ, ಅದರ ಮೇಲೆ ಒಣಹಾಕಿದ ಅಡಿಕೆ.

ಮೊದಲ ದಿನ ಕ್ಯಾಮರಾವನ್ನು ಆಟೋ ಎಕ್ಸ್‌ಪೋಷರಿಗೆ ಬಿಟ್ಟೆ, ಬೆಳಕಿನ ಲೆಕ್ಕವನ್ನು ಅದೇ ನೋಡಿಕೊಳ್ಳಲಿ ಎಂದು. ಚಿತ್ರದ ಮಧ್ಯದಲ್ಲೇ ಅಷ್ಟು ದೊಡ್ಡ ಹೊಳಪು ಇರುವಾಗ ಅದು ಅಂಗಳವನ್ನೇ ಸರಿಯಾಗಿ ತೋರಿಸಿತು, ಅಜ್ಜ ಬರಿಯ ಕಪ್ಪು ಆಕೃತಿಯಾದರು. ಸಂಕಲನದಲ್ಲಿ ಎತ್ತಿಕೊಳ್ಳೋಣವೆಂಬ ಧೈರ್ಯದಿಂದ ಒಂದೂವರೆ ಗಂಟೆ ಹಾಗೆಯೇ ಚಿತ್ರೀಕರಿಸಿದೆ. ಮನೆಗೆ ಬಂದು ನೆರಳಿನ ಭಾಗವನ್ನು ಎಳೆದಾಗ ಕೆನ್ನೆಯ ಮೇಲೆ ಹಸಿರು, ನೇರಳೆ ಕಲೆಗಳು ಎದ್ದವು. ಎಂಟು ಬಿಟ್‌ನ ಕಡತದಲ್ಲಿ ಕಪ್ಪಾಗಿ ಹೋದದ್ದನ್ನು ಮರಳಿ ತರಲು ಅಲ್ಲಿ ಏನೂ ಉಳಿದಿರುವುದಿಲ್ಲ. ಬಳಕೆಗೆ ಆ ದಿನದ ಧ್ವನಿಯನ್ನಷ್ಟೇ ಉಳಿಸಿಕೊಂಡೆ. ಮರುವಾರ ಆ ಕಪ್ಪು ಚಿತ್ರವನ್ನು ಅಜ್ಜನಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ತಮಾ, ಇದ್ರಲ್ಲಿ ಯನ್ನ ಮೋರೆ ಎಲ್ಲಿದ್ದೋ?”

ಎರಡನೆಯ ಬಾರಿ ಮುಖಕ್ಕೆ ಹೊಂದುವಂತೆ ಎಕ್ಸ್‌ಪೋಷರ್ ಏರಿಸಿದೆ. ಮುಖ ಬಂತು, ಆದರೆ ಕಿಟಕಿ ಬಿಳಿಯ ಹಾಳೆಯಾಯಿತು. ಅವರ ನರೆತ ಕೂದಲಿನ ಅಂಚು ಆ ಬಿಳಿಯಲ್ಲಿ ಕರಗಿ ತಲೆಯೇ ಸಣ್ಣದಾದಂತೆ ಕಂಡಿತು. ಮೇಲಾಗಿ ಅಷ್ಟು ಬೆಳಕು ಲೆನ್ಸಿನೊಳಗೆ ಚದುರಿ ಮುಖದ ಮೇಲೂ ಹಾಲು ಚೆಲ್ಲಿದಂತೆ ಮಬ್ಬು ಕವಿಯಿತು. ಆಮೇಲೆ ಸುಮಾರು 9,000 ರೂಪಾಯಿ ಕೊಟ್ಟು ಎಲ್‌ಇಡಿ ಪ್ಯಾನಲ್ ತಂದೆ. ಅಂಗಳದ ಬಿಸಿಲಿನೊಂದಿಗೆ ಅದು ಪೈಪೋಟಿ ನಡೆಸಬೇಕಾದರೆ ಮುಖದಿಂದ ಮೂರಡಿ ದೂರದಲ್ಲಿ ಪೂರ್ಣ ಉರಿಯಲ್ಲಿ ನಿಲ್ಲಿಸಬೇಕಾಯಿತು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದ್ದ ಅಜ್ಜ ಐದೇ ನಿಮಿಷದಲ್ಲಿ ಕೈ ಅಡ್ಡ ಹಿಡಿದರು, ಕನ್ನಡಕದ ಎರಡೂ ಗಾಜುಗಳಲ್ಲಿ ಬಿಳಿಯ ಚೌಕಗಳು ಮೂಡಿದವು. ಬೆಳಕು ತಗ್ಗಿಸಲು ಕಿಟಕಿಗೆ ಅಂಟಿಸುವ ಬೂದುಬಣ್ಣದ ಜೆಲ್ ಹಾಳೆಗೆ 3,000ಕ್ಕಿಂತ ಹೆಚ್ಚು ಕೊಟ್ಟದ್ದು ಇನ್ನೊಂದು ದಂಡ. ಮರದ ಸರಳುಗಳ ಕಿಟಕಿಗೆ ಅದು ಬಿಗಿಯಾಗಿ ಕೂರಲಿಲ್ಲ, ಸುಕ್ಕುಗಳು ಮಿಂಚಿದವು, ಟೇಪು ಕಿತ್ತಾಗ ಚೌಕಟ್ಟಿನ ಹಳೆಯ ಬಣ್ಣವೂ ಕಿತ್ತು ಬಂತು.

ಈ ಹಂತದಲ್ಲಿ, ನನಗೆ ಕೆಲಸ ಕಲಿಸಿದ ಹಿರಿಯರು ಕುರ್ಚಿ ತಿರುಗಿಸಲಾಗದಿದ್ದರೆ ಕಿಟಕಿಗೆ ಕಂಬಳಿ ಹೊದಿಸು, ಬೇರೆ ದಾರಿಯಿಲ್ಲ ಎಂದರು. ಹೊದಿಸಿಯೂ ನೋಡಿದೆ. ಕೋಣೆ ಉಗ್ರಾಣದಂತಾಯಿತು, ಬೆಳಕಿಗೆ ಕ್ಯಾಮರಾದ ಸಂವೇದನೆಯನ್ನು ಹೇಳುವ ಐಎಸ್‌ಒ 6400ಕ್ಕೆ ಏರಿತು. ಅದಕ್ಕಿಂತಲೂ, ಅಡಿಕೆ ಅಂಗಳವನ್ನು ಬೆನ್ನ ಹಿಂದೆ ಇಟ್ಟುಕೊಂಡು ಮಾತನಾಡುವ ಮನುಷ್ಯ ಯಾವುದೋ ಗೋಡೆಯ ಮುಂದೆ ಕುಳಿತಂತೆ ಕಂಡದ್ದು ನನಗೆ ಸರಿಬೀಳಲಿಲ್ಲ.

ಕೊನೆಗೆ ಕ್ರಮವನ್ನೇ ತಿರುವುಮುರುವು ಮಾಡಿದೆ. ಅಲ್ಲಿಯವರೆಗೆ ನಾನು ಪರದೆ ಎಳೆದು ಆಮೇಲೆ ಎಕ್ಸ್‌ಪೋಷರ್ ನೋಡುತ್ತಿದ್ದೆ. ಪರದೆ ಅಲುಗಿದಾಗಲೆಲ್ಲ ಕ್ಯಾಮರಾ ತಾನೂ ಬದಲಾಗುತ್ತಿದ್ದುದರಿಂದ ಏನು ಗಳಿಸಿದೆ, ಏನು ಕಳೆದುಕೊಂಡೆ ಎಂಬುದೇ ತಿಳಿಯುತ್ತಿರಲಿಲ್ಲ. ಈಗ ಮೊದಲು, ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಮುಖಕ್ಕೆ ಹಿಡಿದು ಎಲ್ಲವನ್ನೂ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಿ, ಕಿಟಕಿಯನ್ನು ಮುಖದ ಮಟ್ಟಕ್ಕೆ ಇಳಿಸುತ್ತಾ ಬರುವುದೆಂದು ನಿರ್ಧರಿಸಿದೆ. ಕೋಣೆಯ ಇದ್ದ ಬೆಳಕಿನಲ್ಲಿ ಎಫ್ 5.6, ಸೆಕೆಂಡಿನ 1/50 ಶಟರ್, ಐಎಸ್‌ಒ 1600 ಇಟ್ಟಾಗ ಮುಖ ಸರಿಯಾಗಿ ಬರುತ್ತಿತ್ತು. ಅಂಗಳ ಅದಕ್ಕಿಂತ ಹೆಚ್ಚು ಕಡಿಮೆ ಎಂಟು ಸ್ಟಾಪ್ ಮೇಲಿತ್ತು; ಒಂದೊಂದು ಸ್ಟಾಪ್ ಏರಿದಂತೆ ಬೆಳಕು ಇಮ್ಮಡಿಯಾಗುತ್ತದೆ. ಇದನ್ನು ಎರಡು, ಎರಡೂವರೆಗೆ ಇಳಿಸಿದರೆ ಹೊರಗೆ ಬಿಸಿಲಿದೆ ಎಂಬುದೂ ತಿಳಿಯುತ್ತದೆ, ಅಡಿಕೆಯೂ ಕಾಣುತ್ತದೆ ಎಂಬುದು ನನ್ನ ಅಂದಾಜಾಗಿತ್ತು. ಪೂರ್ತಿ ಸಮ ಮಾಡಿದರೆ ಹಿಂದೆ ಬಣ್ಣದ ಪಟ ತೂಗುಹಾಕಿದಂತೆ ಕಾಣುತ್ತದೆ.

ಎಂಟರಲ್ಲಿ ಎರಡನ್ನು ಮುಖದ ಕಡೆಯಿಂದಲೇ ಗಳಿಸಿದೆ. ದಕ್ಷಿಣದ ಬಾಗಿಲಿನ ದಪ್ಪ ಪರದೆಯನ್ನು ಪೂರ್ತಿ ಸರಿಸಿದಾಗ ಒಂದು ಸ್ಟಾಪ್ ಸಿಕ್ಕಿತು. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಬಾಗಿಲಿನ ಒಳಗೆ ಹೊಸಿಲ ಹತ್ತಿರ ಬಿಸಿಲಿನ ತುಂಡೊಂದು ಬೀಳುತ್ತಿತ್ತು. ಮೊದಲು ಅಲ್ಲಿ ನೆಲಕ್ಕೆ ಬಿಳಿಯ ಪಂಚೆ ಹಾಸಿದೆ. ಬೆಳಕು ಕೆಳಗಿನಿಂದ ಗಲ್ಲಕ್ಕೆ ಹೊಡೆದು ಅಜ್ಜ ಅಬ್ಬರದ ರಕ್ಕಸ ವೇಷದಂತೆ ಕಂಡರು. ಅದೇ ಪಂಚೆಯನ್ನು ಎತ್ತರದ ಬೆನ್ನಿನ ಕುರ್ಚಿಯ ಮೇಲೆ ಇಳಿಬಿಟ್ಟು ಅವರ ಕಡೆಗೆ ವಾಲಿಸಿದಾಗ ಬೆಳಕು ಕಣ್ಣಿನ ಮಟ್ಟದಿಂದಲೇ ಬಂತು, ಇನ್ನೊಂದು ಸ್ಟಾಪ್ ಕೈಸೇರಿತು. ಐಎಸ್‌ಒ 400ಕ್ಕೆ ಇಳಿಯಿತು. ಬಿಸಿಲಿನ ತುಂಡು ಸರಿಯುವುದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಕುರ್ಚಿಯನ್ನು ಗೇಣುದ್ದ ಸರಿಸಲೇಬೇಕು. ಇದಕ್ಕಾಗಿ ಅಜ್ಜನ ಮೊಮ್ಮಗನನ್ನು ಬಾಗಿಲಲ್ಲಿ ಕೂರಿಸಿದ್ದೆ. ಅವನ ನೆರಳೇ ಪಂಚೆಯ ಮೇಲೆ ಬಿದ್ದು ಮುಖ ಎರಡು ಬಾರಿ ಮಂಕಾದದ್ದು ಬೇರೆ ಮಾತು.

ಉಳಿದ ಆರು ಸ್ಟಾಪ್ ಅಂತರವನ್ನು ಕಿಟಕಿಯ ಕಡೆಯಿಂದ ತಗ್ಗಿಸಬೇಕಾಗಿತ್ತು. ಇಲ್ಲಿ ನಾನೂ ಎಲ್ಲರಂತೆ ತೆಳು ಬಿಳಿ ಪರದೆಯಿಂದಲೇ ಆರಂಭಿಸಿದೆ, ಅದೇ ನನ್ನ ದೊಡ್ಡ ತಪ್ಪು. ನೆರಳಿನ ಕಡೆಯ ಕಿಟಕಿಗೆ ಬಿಳಿ ಪರದೆ ಒಳ್ಳೆಯದು, ಆದರೆ ನೇರ ಬಿಸಿಲು ಬೀಳುವ ಕಿಟಕಿಗೆ ಹಾಕಿದರೆ ಆ ಬಟ್ಟೆಯೇ ದೀಪವಾಗಿ ಹೊತ್ತಿಕೊಳ್ಳುತ್ತದೆ. ಅಂಗಳದ ಅಂಚಿನ ಬಾಳೆಗಿಡಗಳಿಗಿಂತ ಪರದೆಯೇ ಹೆಚ್ಚು ಬೆಳಗುತ್ತಿದ್ದುದನ್ನು ಮೀಟರ್ ತೋರಿಸಿದ ಮೇಲಷ್ಟೇ ನಂಬಿದೆ. ಸೊಳ್ಳೆಪರದೆಯನ್ನು ಒಳಗಿನಿಂದ ಕಟ್ಟಿದಾಗ ಅದರ ಜಾಲ ಫೋಕಸ್ಸಿಗೆ ಹತ್ತಿರವಿದ್ದು ಚಿತ್ರದಲ್ಲಿ ಅಲೆಅಲೆಯಾಗಿ ನಡುಗಿತು.

ಪರಿಹಾರ ಆ ಮನೆಯ ಹಿತ್ತಿಲಿನಲ್ಲೇ ಇತ್ತು. ಅಡಿಕೆ ಸಸಿಗಳಿಗೆ ನೆರಳು ಮಾಡಲು ಕಟ್ಟುವ ಶೇಡ್ ನೆಟ್ ಶೇಕಡಾ ಲೆಕ್ಕದಲ್ಲಿಯೇ ಮಾರಾಟವಾಗುತ್ತದೆ. ಶೇಕಡಾ 50ರ ಬಲೆ ಅರ್ಧ ಬೆಳಕನ್ನು ತಡೆಯುತ್ತದೆ, ಅಂದರೆ ಒಂದು ಸ್ಟಾಪ್. ಶೇಕಡಾ 75ರದ್ದು ಕಾಲು ಭಾಗವನ್ನಷ್ಟೇ ಬಿಡುತ್ತದೆ, ಅಂದರೆ ಎರಡು ಸ್ಟಾಪ್. ಎರಡನ್ನೂ ಒಟ್ಟಿಗೆ ಕಟ್ಟಿದರೆ ಮೂರು. ಸಾವಿರಾರು ರೂಪಾಯಿಯ ಜೆಲ್ ಮಾಡಬೇಕಾದ ಕೆಲಸವನ್ನೇ ಇದು ಮಾಡುತ್ತಿದೆಯೆಂದು ಹೊಳೆದಾಗ ನನಗೇ ನಗು ಬಂತು. ಹಿತ್ತಿಲಲ್ಲಿದ್ದದ್ದು ಹಸಿರು ಬಲೆ. ಬಿಸಿಲಿಗೆ ಅದು ತಾನೇ ಹಸಿರಾಗಿ ಹೊಳೆದು ಅಂಗಳದ ಮೇಲೆ ಪಾಚಿಯ ಬಣ್ಣ ಹರಡಿದ್ದರಿಂದ ಅದನ್ನು ಬಿಟ್ಟು, ಪೇಟೆಯಿಂದ ಕಪ್ಪು ಬಲೆಯನ್ನೇ ತಂದೆ. ಎರಡೂ ಬಗೆಯದು ಸೇರಿ 400 ರೂಪಾಯಿಯ ಆಸುಪಾಸು ಆಯಿತೆಂದು ನೆನಪು.

ಬಲೆಯನ್ನು ಕಿಟಕಿಗೆ ಕಟ್ಟದೆ ಹೊರಗಿನ ಚಪ್ಪರದ ಕಂಬಗಳಿಗೆ, ಕಿಟಕಿಯಿಂದ ಐದಾರು ಅಡಿ ಆಚೆ ಕಟ್ಟಿದೆ. ಅಷ್ಟು ದೂರದಲ್ಲಿ ನೇಯ್ಗೆ ಪೂರ್ತಿ ಮಸುಕಾಗಿ, ಬಲೆ ಇದೆಯೆಂಬುದೇ ಗೊತ್ತಾಗುವುದಿಲ್ಲ. ಆದರೆ ಎರಡು ಬಲೆಗಳನ್ನು ಒಂದರ ಮೇಲೊಂದು ನೇರವಾಗಿ ಕಟ್ಟಿದಾಗ ಅವುಗಳ ಎಳೆಗಳು ಸೇರಿ ಅಗಲವಾದ ಪಟ್ಟೆಗಳು ಮೂಡಿದವು, ಫೋಕಸ್ ತಪ್ಪಿದ್ದರೂ ಅವು ಮಾಯವಾಗಲಿಲ್ಲ. ಒಂದು ಬಲೆಯನ್ನು ಸುಮಾರು 45 ಡಿಗ್ರಿ ಓರೆಯಾಗಿಸಿ ಕಟ್ಟಿದ ಮೇಲೆ ಪಟ್ಟೆಗಳು ಕಣ್ಣಿಗೆ ಸಿಗದಷ್ಟು ಸಣ್ಣದಾದವು. ಗಾಳಿಗೆ ಬಲೆ ಬೀಸಿದರೆ ಹಿನ್ನೆಲೆಯ ಬೆಳಕು ಉಸಿರಾಡಿದಂತೆ ಏರಿಳಿಯುತ್ತದೆ, ಆದ್ದರಿಂದ ಕೆಳಗಿನ ಅಂಚಿಗೆ ಕಲ್ಲು ಕಟ್ಟಬೇಕು.

ಇನ್ನೂ ಮೂರು ಸ್ಟಾಪ್ ಉಳಿದಿತ್ತು, ಅದರಲ್ಲಿ ಕಣ್ಣು ಕುಕ್ಕುತ್ತಿದ್ದುದು ಮೇಲ್ಭಾಗದ ಆಕಾಶದ ತುಂಡು. ಮನೆಯವರ ಮಾಸಲು ಕಂದುಬಣ್ಣದ ಪರದೆಯನ್ನೇ ಮಡಿಸಿ ಕಿಟಕಿಯ ಮೇಲಿನ ಮೂರನೆಯ ಒಂದು ಭಾಗಕ್ಕೆ ಇಳಿಬಿಟ್ಟು, ಎಡಗಡೆಯ ಪರದೆಯನ್ನು ಸಿಮೆಂಟು ಅತಿಯಾಗಿ ಹೊಳೆಯುವ ಭಾಗ ಮುಚ್ಚುವಷ್ಟು ಮಾತ್ರ ಎಳೆದೆ. ಉಳಿದ ನೋಟ ಎರಡೂವರೆಯೊಳಗೆ ಬಂತು. ಬೆಳಕಿನ ಮಟ್ಟವನ್ನು ಕ್ಯಾಮರಾದ ತೆರೆಯಲ್ಲಿ ಪಟ್ಟೆಗಳಾಗಿ ತೋರಿಸುವ ಝೀಬ್ರಾದಲ್ಲಿ, ಶೇಕಡಾ ನೂರರದ್ದು ಅಡಿಕೆಯ ರಾಶಿಯ ತುದಿಯಲ್ಲಷ್ಟೇ ಮಿನುಗಿತು, ಅರವತ್ತರದ್ದು ಅಜ್ಜನ ಹಣೆಯನ್ನು ಸವರಿಕೊಂಡಿತು. ನಮ್ಮ ಕಡೆಯ ಗೋಧಿಬಣ್ಣದ, ಕಂದುಬಣ್ಣದ ಮುಖಗಳಿಗೆ ಎಪ್ಪತ್ತರ ಲೆಕ್ಕ ಹಿಡಿದರೆ ಚರ್ಮ ಸುಣ್ಣ ಬಳಿದಂತಾಗುತ್ತದೆ ಎಂಬುದು ಮದುವೆ ಮಂಟಪಗಳಲ್ಲಿ ಕಲಿತ ಪಾಠ.

ಮೊಬೈಲಿನಲ್ಲೂ ಇದೇ ಕ್ರಮ ನಡೆಯುತ್ತದೆಯೇ ಎಂದು ಒಂದು ದಿನ ಪರೀಕ್ಷಿಸಿದೆ. ಐಫೋನಿನಲ್ಲಿ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದು `AE/AF LOCK` ಬಂದ ಮೇಲೆ ಬೆಳಕನ್ನು ಬೆರಳಿನಿಂದ ಸ್ವಲ್ಪ ಕೆಳಗೆಳೆದರೆ ಸಾಕು. ಆದರೆ ಬಲೆಯಿಲ್ಲದೆ ಅದನ್ನೊಂದನ್ನೇ ಮಾಡಿದರೆ ಕಿಟಕಿ ಮತ್ತೆ ಬಿಳಿ ಹಾಳೆಯೇ.

ಈ ಏರ್ಪಾಟಿನಲ್ಲಿ ಆರು ದಿನ, ಒಟ್ಟು ಎಂಟು ಗಂಟೆಗೂ ಮಿಕ್ಕಿದ ಚಿತ್ರೀಕರಣ ನಡೆಯಿತು. ಕಂಬಳಿ ಹೊದಿಸು ಎಂದಿದ್ದ ಹಿರಿಯರು ಅದನ್ನು ನೋಡಿ, ಎಷ್ಟು ದೀಪ ಬಳಸಿದೆ ಎಂದು ಕೇಳಿದರು. ಒಂದೂ ಇಲ್ಲವೆಂದರೆ ನಂಬಲಿಲ್ಲ. ಪಂಚೆಯ ಬೆಳಕು ಕನ್ನಡಕದಲ್ಲಿ ಮೂಡದಂತೆ ಕುರ್ಚಿಯನ್ನು ಎಲ್ಲಿ, ಯಾವ ಓರೆಯಲ್ಲಿ ಇಟ್ಟೆನೆಂಬುದನ್ನು ಅವರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ನಾಲ್ಕು ದಿನ ಕುರ್ಚಿ ಎಳೆದಾಡಿ ಕಂಡುಕೊಂಡದ್ದು ಅದು.

ಇದು ನಡೆಯದ ಹೊತ್ತೂ ಇದೆ. ಒಂಬತ್ತು ಗಂಟೆಗೆ ಮುಂಚೆ ಸೂರ್ಯ ಕೆಳಗಿರುವಾಗ ಕಿರಣ ಕಿಟಕಿಯ ಮೂಲಕ ನೇರವಾಗಿ ಕಿವಿ, ಹೆಗಲುಗಳ ಮೇಲೆ ಬಿದ್ದು ಅವು ಸುಟ್ಟು ಬಿಳಿಯಾಗುತ್ತವೆ, ಮೂರು ಸ್ಟಾಪಿನ ಬಲೆಯೂ ಅದಕ್ಕೆ ಸಾಲದು. ಮೋಡ ಅಡ್ಡ ಬಂದರೆ ಪಂಚೆಯ ಬಿಸಿಲು ಹೋಗಿ ಮುಖವೂ ಇಳಿಯುತ್ತದೆ, ಅಂಗಳವೂ ಇಳಿಯುತ್ತದೆ. ಆಗ ಮಾತಿನ ನಡುವೆ ಐಎಸ್‌ಒ ಮುಟ್ಟಿದರೆ ಜಿಗಿತ ಎದ್ದು ಕಾಣುವುದರಿಂದ, ನಾನು ಹಾಗೆಯೇ ಬಿಟ್ಟು ಸಂಕಲನದಲ್ಲಿ ಅರ್ಧ ಸ್ಟಾಪ್ ಎತ್ತಿಕೊಂಡೆ. ಕೊನೆಯ ದಿನ ಬಲೆ ಬಿಚ್ಚಲು ಹೋದಾಗ ಅಜ್ಜನ ಸೊಸೆ, ಮಳೆಗಾಲ ಕಳೆದ ಮೇಲೆ ಸಸಿಗಳಿಗೆ ಬೇಕಾಗುತ್ತದೆ, ಅಲ್ಲಿಯೇ ಮಡಚಿಡಿ ಎಂದರು. ಎಲ್‌ಇಡಿ ಪ್ಯಾನಲ್ಲನ್ನು ಕೊಟ್ಟ ಬೆಲೆಯ ಅರ್ಧಕ್ಕೆ ಮಾರಿದ್ದೇನೆ.