ತಮ್ಮನ ಮನೆಯ ವಾಸ್ತುಶಾಂತಿ, ನನ್ನ ಎರಡೂವರೆ ನಿಮಿಷ

ಬಾಗಲಕೋಟೆಯ ನವನಗರದಲ್ಲಿ ನನ್ನ ತಮ್ಮ ಮನೆ ಕಟ್ಟಿಸಿದ. ವಾಸ್ತುಶಾಂತಿಗೆ ಎಂಟು ದಿನ ಇರುವಾಗ ಬಂದು, "ಅಣ್ಣಾ, ಪೂಜಾ ಮುಗದ ಮ್ಯಾಲೆ ಎಲ್ಲಾರಿಗೂ ಸ್ವಾಗತ ಹೇಳಿ ನಾಕ ಮಾತು ಆಡು" ಅಂದ. ಬರುವವರು ಸುಮಾರು ಇನ್ನೂರು ಜನ. ಎಂಬತ್ತು ದಾಟಿದ ನಮ್ಮ ಕಾಕಾ ಇದ್ದರು, ಓಣಿಯ ಸಣ್ಣ ಮಕ್ಕಳೂ ಇದ್ದರು.

ಮೊದಲು ಎರಡು ಪುಟ ಬರೆದೆ. ಮೊಬೈಲಿನಲ್ಲಿ ಸಮಯ ಇಟ್ಟು ಗಟ್ಟಿಯಾಗಿ ಓದಿದರೆ ಏಳು ನಿಮಿಷ ಆಯಿತು. ಅದರಲ್ಲಿ ನಾಲ್ಕು ನಿಮಿಷ ಬರೀ ಹೆಸರುಗಳು. ಹೋದ ವರ್ಷ ಗಣಪತಿ ಪೆಂಡಾಲಿನಲ್ಲಿ ನಾನು ಹಾಗೇ ಹೆಸರು ಓದಿದ್ದೆ. ಒಬ್ಬ ಹಿರಿಯರ ಹೆಸರು ಬಿಟ್ಟುಹೋಗಿ, ಅವರು ಊಟ ಮಾಡದೆ ಎದ್ದು ಹೋಗಿದ್ದರು. ಇಪ್ಪತ್ತು ಹೆಸರು ಹೇಳಿದರೆ ಇಪ್ಪತ್ತೊಂದನೆಯವರಿಗೆ ನೋವಾಗುತ್ತದೆ. ಅದಕ್ಕೆ ಈ ಸಲ ಪಟ್ಟಿಯನ್ನೇ ಕೈಬಿಟ್ಟೆ. ಜನ ಈ ಮನೆಗೆ ಯಾವ ನಂಟಿನಿಂದ ಬಂದಿದ್ದಾರೋ ಆ ನಂಟು ಹಿಡಿದು ಕರೆದೆ: ಹಳೇ ಊರಿನವರು, ತಮ್ಮನ ಹೆಂಡತಿಯ ತವರಿನವರು, ಈ ಓಣಿಯವರು, ಮನೆ ಕಟ್ಟಿದವರು. ಈ ನಾಲ್ಕರಲ್ಲಿ ಒಂದಕ್ಕೂ ಸೇರದವರು ಅಲ್ಲಿ ಯಾರೂ ಇರಲಿಲ್ಲ. ಹೆಸರು ಹಿಡಿದು ಕರೆದದ್ದು ಇಬ್ಬರನ್ನೇ. ಒಬ್ಬರು ಎಲ್ಲರಿಗಿಂತ ಹಿರಿಯರಾದ ಕಾಕಾ, ಇನ್ನೊಬ್ಬರು ಗೌಂಡಿ. ಇಬ್ಬರ ವಿಷಯದಲ್ಲೂ "ನಮ್ಮನ್ನ್ಯಾಕ ಕರೀಲಿಲ್ಲ" ಅಂತ ಯಾರೂ ಕೇಳುವುದಿಲ್ಲ.

ಅಜ್ಜನಿಗೂ ಎಂಟು ವರ್ಷದ ಹುಡುಗಿಗೂ ಒಟ್ಟಿಗೆ ಹಿಡಿಸುವ ಮಾತು ಯಾವುದು? ಇದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಘಟಪ್ರಭಾ ದಂಡೆಯ ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಹಿರಿಯರ ಮುಂದೆ ಆ ಮಾತು ತೆಗೆದರೆ ಕಣ್ಣೀರು ಬರುತ್ತದೆ. ನವನಗರದಲ್ಲೇ ಹುಟ್ಟಿದ ಮಕ್ಕಳಿಗೆ ಅದು ಏನೂ ಅಲ್ಲ. ಮುಳುಗಡೆಯ ಕಥೆ ಹೇಳಲು ನಿಂತರೆ ಶುಭಕಾರ್ಯ ದುಃಖದ ಸಭೆ ಆಗುತ್ತದೆ, ಪೂರ್ತಿ ಬಿಟ್ಟರೆ ಕಾಕಾನಂಥವರಿಗೆ ಖಾಲಿ ಅನಿಸುತ್ತದೆ. ಆಗ ಬಾಗಿಲು ನೆನಪಾಯಿತು. ಹಳೇ ಮನೆಯಿಂದ ಬಿಚ್ಚಿ ತಂದ ಸಾಗವಾನಿ ಬಾಗಿಲನ್ನು ತಮ್ಮ ದೇವರ ಕೋಣೆಗೆ ಕೂರಿಸಿದ್ದ. ಅದರ ಮೇಲೆ ಹಿತ್ತಾಳೆಯ ಹೂಗಳು ಸಾಲಾಗಿವೆ. ಕೆಳಗಿನ ಸಾಲಿನಲ್ಲಿ ಒಂದು ಹೂವು ಇಲ್ಲ, ಮೊಳೆಯ ತೂತು ಮಾತ್ರ ಇದೆ.

ಕೊನೆಗೆ ಉಳಿದ ಮಾತು ಅರ್ಧ ಪುಟ. ಶುರುವಾದದ್ದು ಹೀಗೆ:

"ಬರ್ರಿ, ಎಲ್ಲಾರೂ ಕುಂದರ್ರಿ. ಬಿಸಲಾಗ ಬಂದೀರಿ, ಊಟಕ್ಕ ತಡಾ ಮಾಡೂದಿಲ್ಲ. ಹಳೇ ಊರಾಗ ನಮ್ಮನ್ನ ಎತ್ತಿ ಆಡಿಸಿದವ್ರು ಇಲ್ಲೆ ಕುಂತೀರಿ, ನಿಮಗ ಮೊದಲ ಶರಣು."

ಮೊದಲು ಬರೆದಾಗ "ಹೃತ್ಪೂರ್ವಕ ಸುಸ್ವಾಗತ ಕೋರುತ್ತೇನೆ" ಅಂತಿತ್ತು. ನನ್ನ ಹೆಂಡತಿ ಕೇಳಿ, "ಮನಿಗೆ ಬಂದವ್ರಿಗೆ ಯಾರರೆ ಹಿಂಗ ಅಂತಾರೇನ್ರಿ?" ಅಂದಳು. ಅವಳ ಮಾತು ಖರೆ ಅನಿಸಿತು. ಬಾಗಿಲಲ್ಲಿ ನಿಂತು ಹೇಳುವ ಮಾತನ್ನೇ ಮೈಕಿನಲ್ಲೂ ಹೇಳಿದೆ.

ತವರಿನವರು ಮುಧೋಳದಿಂದ ಬೆಳಿಗ್ಗೆ ಬೇಗ ಹೊರಟು ಬಂದದ್ದು ಹೇಳಿದೆ. ಓಣಿಯವರು ಕಟ್ಟಡಕ್ಕೆ ನೀರು ಕೊಟ್ಟದ್ದು ಹೇಳಿದೆ. ಒಬ್ಬೊಬ್ಬರಿಗೆ ಒಂದೊಂದೇ ಮಾತು, ಆದರೆ ನಿಜವಾಗಿ ನಡೆದದ್ದು. ಗೌಂಡಿಯನ್ನು ಕರೆದಾಗ ಅವರು ಹಿಂದೆ ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದರು. ಅವರು ಮುಂದೆ ಬರುವವರೆಗೂ ಮಾತು ನಿಲ್ಲಿಸಿ ಕಾದೆ. ಕೊನೆಗೆ ಕಾಕಾನನ್ನು ತೋರಿಸಿ ಮಕ್ಕಳಿಗೆ ಹೇಳಿದೆ: "ದೇವರ ಕ್ವಾಣಿ ಬಾಗಲಕ್ಕ ಒಂದು ಹೂವು ಇಲ್ಲ. ಅದು ಎಲ್ಲಿ ಹೋತು ಅನ್ನೂದು ಈ ಅಜ್ಜಾಗ ಗೊತ್ತೈತಿ. ಊಟಾ ಆದ ಮ್ಯಾಲೆ ಕೇಳ್ರಿ."

ಮೈಕಿನ ಬಗ್ಗೆ ಒಂದು ಮಾತು. ಸ್ಪೀಕರ್ ಪೆಂಡಾಲಿನ ಮುಂದೆ ಮಾತ್ರ ಇತ್ತು. ವಯಸ್ಸಾದವರು ಬಿಸಿಲು ತಡೆಯದೆ ಒಳಗೆ ಪಡಸಾಲೆಯಲ್ಲಿ ಕೂತಿದ್ದರು, ಅಲ್ಲಿ ಬರೀ ಗುಂಯ್ ಅನ್ನುವ ಸದ್ದು. ಪೂಜೆ ನಡೆಯುವಾಗಲೇ ನಾನು ಅಲ್ಲಿ ಹೋಗಿ ಕೂತು ನೋಡಿದ್ದರಿಂದ ಇದು ಗೊತ್ತಾಯಿತು. ಸ್ಪೀಕರನ್ನು ಬಾಗಿಲ ಕಡೆ ತಿರುಗಿಸಿ, ನಾನೂ ಹೊಸ್ತಿಲ ಹತ್ತಿರವೇ ನಿಂತೆ. ಅಲ್ಲಿಂದ ಒಳಗಿನವರೂ ಹೊರಗಿನವರೂ ಕಾಣುತ್ತಿದ್ದರು. ನಿಂತದ್ದು ಮಂಗಳಾರತಿ ಮುಗಿದ ಕೂಡಲೇ. ಎಲೆ ಹಾಕಿದ ಮೇಲೆ ಯಾರ ಕಿವಿಯೂ ನಮ್ಮ ಕಡೆ ಇರುವುದಿಲ್ಲ.

ಒಂದು ತಪ್ಪಾಯಿತು. "ಊಟಾ ಆದ ಮ್ಯಾಲೆ" ಅಂದದ್ದನ್ನು ಮಕ್ಕಳು ಕೇಳಿಸಿಕೊಳ್ಳಲೇ ಇಲ್ಲ. ಮಾತು ಮುಗಿದದ್ದೇ ತಡ, ಎಲ್ಲರೂ ಒಳಗೆ ಓಡಿದರು. ಅದೇ ಹೊತ್ತಿಗೆ ತಮ್ಮ ಗೌಂಡಿಗೆ ಶಾಲು ಹೊದಿಸುತ್ತಿದ್ದ. ಜನರೆಲ್ಲ ಮಕ್ಕಳ ಗದ್ದಲದ ಕಡೆ ತಿರುಗಿದರು, ಆ ಸತ್ಕಾರ ಯಾರೂ ಸರಿಯಾಗಿ ನೋಡಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ. ಶಾಲು ಹೊದಿಸಿ ಆದ ಮೇಲೆ ಆ ಪ್ರಶ್ನೆ ಕೇಳಬೇಕಿತ್ತು. ಊಟದ ಹೊತ್ತಿನಲ್ಲಿ ಗೌಂಡಿಯ ಪಕ್ಕದಲ್ಲೇ ಕೂತು ಅದನ್ನು ಹೇಳಿದೆ. ಅವರು ಹೋಳಿಗೆ ಮುರಿಯುತ್ತಾ, "ಇರ್ಲಿ ಬಿಡ್ರಿ ಸರ, ಆ ಬಾಗಲಾ ಕುಂದ್ರಿಸಿದಾವ ನಾನ ಅಲ್ಲೇನ್ರಿ" ಅಂದರು.