ಕನ್ನಡ ಒಂದು ತುದಿ ಬಿಡುತ್ತದೆ, ಇಂಗ್ಲಿಷ್ ಇನ್ನೊಂದು ತುದಿ

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಯಂತ್ರಗಳ ಮ್ಯಾನ್ಯುಯಲ್ ಬರೆಯುತ್ತೇನೆ. ಇಂಗ್ಲಿಷಿನಲ್ಲೇ ಬರೆಯಬೇಕು. ಯಂತ್ರಗಳು ಬೇರೆ ಬೇರೆ ರಾಜ್ಯಗಳಿಗೆ ಹೋಗುತ್ತವೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ವ್ಯಾಕರಣ ತಪ್ಪಿಲ್ಲದೆ ಬರೆಯುವುದು ಬೇಗ ಕೈಗೆ ಬಂತು. ಆದರೆ ಬರೆದದ್ದು ಓದಲು ಭಾರ ಅನ್ನಿಸುತ್ತಿತ್ತು. ಯಾಕೆ ಅಂತ ತಿಳಿಯಲು ತುಂಬಾ ದಿನ ಬೇಕಾಯಿತು.

ಶುರುವಿನಲ್ಲಿ ನಾನು ಬರೆದ ಒಂದು ಪ್ಯಾರಾ ಹೀಗಿತ್ತು: "ದಿ ಆಪರೇಟರ್ ಮಸ್ಟ್ ಕ್ಲೋಸ್ ದಿ ಇನ್‌ಲೆಟ್ ವಾಲ್ವ್ ಬಿಫೋರ್ ದಿ ಆಪರೇಟರ್ ಓಪನ್ಸ್ ದಿ ಕವರ್. ಇಫ್ ದಿ ಆಪರೇಟರ್ ಡಸ್ ನಾಟ್ ಕ್ಲೋಸ್ ದಿ ಇನ್‌ಲೆಟ್ ವಾಲ್ವ್, ವಾಟರ್ ವಿಲ್ ಸ್ಪ್ರೇ ಔಟ್. ಇಫ್ ದಿ ಪ್ರೆಷರ್ ಡಸ್ ನಾಟ್ ಫಾಲ್ ಟು ಜೀರೋ, ವೇಟ್ ಅಂಟಿಲ್ ದಿ ಪ್ರೆಷರ್ ಫಾಲ್ಸ್ ಟು ಜೀರೋ."

ಒಂದೂ ತಪ್ಪಿಲ್ಲ. ಆದರೆ ಮೂರು ವಾಕ್ಯದಲ್ಲಿ ಆಪರೇಟರ್ ಮೂರು ಸಲ, ಇನ್‌ಲೆಟ್ ವಾಲ್ವ್ ಎರಡು ಸಲ, ಫಾಲ್ ಟು ಜೀರೋ ಎರಡು ಸಲ ಬಂದಿದೆ. ಈಗ ಅದನ್ನೇ ಹೀಗೆ ಬರೆಯುತ್ತೇನೆ: "ಕ್ಲೋಸ್ ದಿ ಇನ್‌ಲೆಟ್ ವಾಲ್ವ್ ಬಿಫೋರ್ ಓಪನಿಂಗ್ ದಿ ಕವರ್. ಇಫ್ ಯು ಡು ನಾಟ್, ವಾಟರ್ ವಿಲ್ ಸ್ಪ್ರೇ ಔಟ್. ಇಫ್ ದಿ ಪ್ರೆಷರ್ ಡಸ್ ನಾಟ್ ಫಾಲ್ ಟು ಜೀರೋ, ವೇಟ್ ಅಂಟಿಲ್ ಇಟ್ ಡಸ್." ಕೊನೆಯ "ಇಟ್ ಡಸ್" ನೋಡಿ. ಫಾಲ್ ಟು ಜೀರೋ ಪೂರ್ತಿ ಹೋಯಿತು, ಡಸ್ ಮಾತ್ರ ಉಳಿಯಿತು. ಅರ್ಥ ಒಂದು ಚೂರೂ ಕಡಿಮೆಯಾಗಲಿಲ್ಲ.

ಈ ಬಿಡುವ ಕೆಲಸ ನನಗೆ ಯಾಕೆ ಕಷ್ಟವಾಯಿತು ಅಂತ ಹೊಳೆದದ್ದು ಮನೆಯ ಮಾತಿನಿಂದ. ಅಮ್ಮ ರಾತ್ರಿ ಕೇಳುತ್ತಾರೆ, "ಗೇಟಿಗೆ ಬೀಗ ಹಾಕಿದ್ಯಾ?" ನಾನು ಹೇಳುತ್ತೇನೆ, "ಹಾಕಿದೀನಿ." ನಾನು ಅನ್ನುವ ಪದ ಇಲ್ಲ, ಗೇಟಿಲ್ಲ, ಬೀಗ ಇಲ್ಲ. ಕ್ರಿಯಾಪದ ಒಂದೇ ನಿಂತಿದೆ. ಇಂಗ್ಲಿಷಿನಲ್ಲಿ ಇದು ತಲೆಕೆಳಗು. "ಡಿಡ್ ಯು ಲಾಕ್ ದಿ ಗೇಟ್?" "ಐ ಡಿಡ್." ಅಲ್ಲಿ ನಾನು ಉಳಿಯಿತು, ಲಾಕ್ ಅನ್ನುವ ಮುಖ್ಯ ಕ್ರಿಯಾಪದವೇ ಹೋಯಿತು, ಅದರ ಜಾಗದಲ್ಲಿ ಕಾಲವನ್ನು ಹೊತ್ತ ಡಿಡ್ ನಿಂತಿತು. ಕನ್ನಡ ಕರ್ತೃ, ಕರ್ಮ ಎರಡನ್ನೂ ಬಿಟ್ಟು ಕ್ರಿಯೆ ಉಳಿಸುತ್ತದೆ. ಇಂಗ್ಲಿಷ್ ಕ್ರಿಯೆಯನ್ನೂ ಕರ್ಮವನ್ನೂ ಬಿಟ್ಟು ಕರ್ತೃವನ್ನೂ ಸಹಾಯಕ ಕ್ರಿಯಾಪದವನ್ನೂ ಉಳಿಸುತ್ತದೆ. ನಮ್ಮಲ್ಲಿ ಎಷ್ಟೋ ಜನ "ಐ ಲಾಕ್ಡ್" ಅಂತ ಉತ್ತರ ಕೊಡುವುದು ಇದರಿಂದಲೇ. ಇಂಗ್ಲಿಷ್ ಪದ ಹಾಕಿ ಕನ್ನಡದ ಹಾಗೆ ಬಿಟ್ಟಿರುತ್ತೇವೆ. "ಡು ಯು ವಾಂಟ್ ಟು ಕಮ್?" ಅಂದರೆ "ಐ ವಾಂಟ್" ಅನ್ನುವುದೂ ಹಾಗೇ. ಅಲ್ಲಿ "ಐ ವಾಂಟ್ ಟು" ಅನ್ನಬೇಕು. ಕಮ್ ಹೋಗುತ್ತದೆ, ಟು ಹೋಗುವುದಿಲ್ಲ. ಮುಂದೆ ಏನೋ ಇತ್ತು ಅಂತ ತೋರಿಸುವ ಗೂಟ ಅದು.

ಹ್ಯಾಲಿಡೇ ಮತ್ತು ರುಖಯ್ಯಾ ಹಸನ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು 1976ರಲ್ಲಿ ಇಂಗ್ಲಿಷಿನ ಈ ಬಿಡುವ ರೀತಿಯನ್ನು ಬಿಡಿಸಿ ಬರೆದರು. ಮೊದಲು ಹೇಳಿದ್ದರ ಜಾಗದಲ್ಲಿ ಚಿಕ್ಕ ಪದ ಇಟ್ಟರೆ ಅದು ಸಬ್‌ಸ್ಟಿಟ್ಯೂಷನ್. ಏನೂ ಇಡದೆ ಖಾಲಿ ಬಿಟ್ಟರೆ ಎಲಿಪ್ಸಿಸ್. ಅದನ್ನು ಸೊನ್ನೆಯಿಂದ ಮಾಡಿದ ಬದಲಿ ಅಂತ ಅವರು ನೋಡಿದರು. ಈ ಮಾತು ನನಗೆ ತುಂಬಾ ಉಪಯೋಗಕ್ಕೆ ಬಂತು. ಖಾಲಿ ಜಾಗವೂ ಒಂದು ಪದ ಅಂತ ಭಾವಿಸಿದರೆ, ಅದು ಯಾವುದಕ್ಕೆ ಬದಲಾಗಿ ನಿಂತಿದೆ ಅಂತ ಕೇಳಬಹುದು, ಅಲ್ವಾ?

ಹಾಗೆ ಕೇಳದೆ ಇದ್ದದ್ದರಿಂದ ನನ್ನ ಕೈಯಲ್ಲಿ ಒಂದು ದೊಡ್ಡ ತಪ್ಪಾಯಿತು. ಮ್ಯಾನ್ಯುಯಲ್‌ನಲ್ಲಿ ಎಲ್ಲರೂ ಬಳಸುವ ಒಂದು ವಾಕ್ಯವಿದೆ: "ಫೇಲ್ಯೂರ್ ಟು ಡು ಸೋ ಮೇ ಕಾಸ್ ಇಂಜುರಿ." ಡು ಸೋ ಅಂದರೆ ಹಿಂದಿನ ಇಡೀ ಕ್ರಿಯೆ, ಅದರ ಕರ್ಮವೂ ಸೇರಿ. ಅದು ಕೈಗೆ ಸಿಕ್ಕ ಖುಷಿಯಲ್ಲಿ ನಾನು ಬರೆದೆ: "ಕ್ಲೋಸ್ ದಿ ಇನ್‌ಲೆಟ್ ವಾಲ್ವ್ ಆ್ಯಂಡ್ ಓಪನ್ ದಿ ಡ್ರೈನ್ ಕಾಕ್ ಬಿಫೋರ್ ರಿಮೂವಿಂಗ್ ದಿ ಕವರ್. ಫೇಲ್ಯೂರ್ ಟು ಡು ಸೋ ಮೇ ಡ್ಯಾಮೇಜ್ ದಿ ಗ್ಯಾಸ್ಕೆಟ್."

ಕೆಲವು ತಿಂಗಳ ಮೇಲೆ ಸರ್ವಿಸ್‌ಗೆ ಹೋಗಿದ್ದ ಹುಡುಗ ವಾಪಸ್ ಬಂದು ನನ್ನ ಟೇಬಲ್ ಹತ್ತಿರ ನಿಂತ.

"ಮೇಡಂ, ಅಲ್ಲಿಯವರು ಡ್ರೈನ್ ತೆಗೆದಿದ್ದಾರೆ, ಇನ್‌ಲೆಟ್ ಮುಚ್ಚೇ ಇಲ್ಲ. ಕವರ್ ಎತ್ತಿದ ತಕ್ಷಣ ಪೂರ್ತಿ ನೀರು."

"ಮ್ಯಾನ್ಯುಯಲ್ ನೋಡಲಿಲ್ವಾ?"

"ನೋಡೇ ಮಾಡಿದ್ದು ಮೇಡಂ. ಕೊನೆಗೆ ಹೇಳಿದ್ದನ್ನ ಮಾಡದಿದ್ರೆ ಗ್ಯಾಸ್ಕೆಟ್ ಹೋಗುತ್ತೆ ಅಂತ ತಿಳ್ಕೊಂಡ್ರಂತೆ. ಡ್ರೈನೇ ಮುಖ್ಯ ಅಂತ."

ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆಗಬಹುದಿತ್ತು. ತಪ್ಪು ಓದಿದವರದ್ದಲ್ಲ. ಎರಡು ಕೆಲಸ ಹೇಳಿ ಒಂದು ಡು ಸೋ ಇಟ್ಟರೆ ಅದು ಎರಡನ್ನೂ ಹಿಡಿಯಬಹುದು, ಹತ್ತಿರದ ಒಂದನ್ನೇ ಹಿಡಿಯಬಹುದು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಹಿಂದೆ ಒಂದೇ ಕ್ರಿಯೆ ಇದ್ದರೆ ಮಾತ್ರ ಡು ಸೋ. ಎರಡಿದ್ದರೆ ಹೆಸರು ಹಿಡಿದೇ ಹೇಳುತ್ತೇನೆ: "ಇಫ್ ದಿ ಇನ್‌ಲೆಟ್ ವಾಲ್ವ್ ಈಸ್ ಓಪನ್..." ಅಂತ ಶುರುಮಾಡುತ್ತೇನೆ. ಅಪಾಯ ಇರುವ ಜಾಗದಲ್ಲಿ ಪದ ಎರಡು ಸಲ ಬಂದರೆ ಬರಲಿ.

ಡು ಸೋ ಮತ್ತು ಡು ದಿ ಸೇಮ್ ಒಂದೇ ಅಂತಲೂ ನಾನು ಬಹಳ ದಿನ ತಿಳಿದಿದ್ದೆ. ಕನ್ನಡದಲ್ಲಿ ಎರಡಕ್ಕೂ ಹಾಗೇ ಮಾಡು ಅಂದರೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ನಮ್ಮ ಒಂದು ಯಂತ್ರಕ್ಕೆ ಎರಡು ಟ್ಯಾಂಕ್ ಇವೆ. ಮೊದಲನೆಯದಕ್ಕೆ ಎಣ್ಣೆ ತುಂಬಿ, ಎರಡನೆಯದಕ್ಕೂ ತುಂಬಬೇಕು. "ಫಿಲ್ ಟ್ಯಾಂಕ್ ಎ. ಡು ದಿ ಸೇಮ್ ಫಾರ್ ಟ್ಯಾಂಕ್ ಬಿ." ಇದು ಸರಿ. ಇಲ್ಲಿ ಕೆಲಸದ ರೀತಿ ಅದೇ, ಟ್ಯಾಂಕ್ ಬೇರೆ. "ಡು ಸೋ ಫಾರ್ ಟ್ಯಾಂಕ್ ಬಿ" ಅಂದರೆ ಕಿವಿಗೆ ಎಡವಿದ ಹಾಗಾಗುತ್ತದೆ. ಯಾಕೆಂದರೆ ಡು ಸೋ ತನ್ನೊಳಗೆ ಟ್ಯಾಂಕ್ ಎಯನ್ನೂ ನುಂಗಿಕೊಂಡಿದೆ. ಹೊಸ ಟ್ಯಾಂಕ್‌ಗೆ ಅಲ್ಲಿ ಜಾಗವಿಲ್ಲ. "ಫಿಲ್ ಟ್ಯಾಂಕ್ ಎ. ಡು ಸೋ ಸ್ಲೋಲಿ." ಇದು ಸರಿ, ಅದೇ ಟ್ಯಾಂಕು, ಅದೇ ತುಂಬುವುದು, ನಿಧಾನ ಅನ್ನುವುದಷ್ಟೇ ಹೊಸದು.

ಇನ್ನೊಂದು ಮಿತಿಯೂ ಇದೆ. ಮಾಡುವ ಕೆಲಸಕ್ಕೆ ಮಾತ್ರ ಡು ಸೋ ಹೊಂದುತ್ತದೆ. "ದಿ ಟ್ಯಾಂಕ್ ಕಂಟೇನ್ಸ್ ಆಯಿಲ್" ಅನ್ನುವುದು ಇರುವ ಸ್ಥಿತಿ, ಯಾರೂ ಏನೂ ಮಾಡುತ್ತಿಲ್ಲ. ಅದಕ್ಕೆ "ದಿ ಪೈಪ್ ಡಸ್ ಸೋ ಟೂ" ಅನ್ನುವ ಹಾಗಿಲ್ಲ. ಆದರೆ "ದಿ ಪೈಪ್ ಡಸ್ ಟೂ" ಅಥವಾ "ಸೋ ಡಸ್ ದಿ ಪೈಪ್" ಅನ್ನಬಹುದು. ಬರೀ ಡಸ್ ಖಾಲಿ ಜಾಗವನ್ನು ಕಾಯುತ್ತದೆ, ಅದಕ್ಕೆ ಮಾಡುವ ಕೆಲಸವಾದರೂ ಸರಿ, ಕಂಟೇನ್ಸ್‌ನಂಥ ಸ್ಥಿತಿಯಾದರೂ ಸರಿ. ಡು ಸೋನಲ್ಲಿರುವ ಡು ಮಾತ್ರ ನಿಜವಾಗಿ ಏನಾದರೂ ಮಾಡುವವರನ್ನೇ ಕೇಳುತ್ತದೆ.

ಸೇಮ್ ಬಗ್ಗೆ ನಮ್ಮ ಆಫೀಸ್ ಪತ್ರಗಳಿಂದಲೇ ಇನ್ನೊಂದು ಪಾಠ ಕಲಿತೆ. "ವಿ ಹ್ಯಾವ್ ರಿಸೀವ್ಡ್ ಯುವರ್ ಪಂಪ್. ವಿ ಹ್ಯಾವ್ ಚೆಕ್ಡ್ ದಿ ಸೇಮ್. ಕೈಂಡ್ಲಿ ಕಲೆಕ್ಟ್ ದಿ ಸೇಮ್." ಇಂಥ ಪತ್ರ ನಾನು ನೂರಾರು ಬರೆದಿದ್ದೇನೆ. ಹಳೆಯ ಕಾನೂನು ಮತ್ತು ವ್ಯಾಪಾರದ ಇಂಗ್ಲಿಷಿನಲ್ಲಿ ಈ ಬಳಕೆ ಇತ್ತು. ಭಾರತದ ಆಫೀಸುಗಳಲ್ಲಿ ಈಗಲೂ ಜಾಸ್ತಿ ಇದೆ, ಇಲ್ಲಿ ಎಲ್ಲರಿಗೂ ಅರ್ಥವೂ ಆಗುತ್ತದೆ. ಆದರೆ ಇಲ್ಲಿ ಬೇಕಾದದ್ದು ಸುಮ್ನೆ ಒಂದು "ಇಟ್". ಪಂಪ್ ಒಂದೇ, ಆ ಪಂಪೇ.

ಸೇಮ್ ಅನ್ನುವುದಕ್ಕೆ ತನ್ನದೇ ಕೆಲಸವಿದೆ. ಹೋಟೆಲಿನಲ್ಲಿ ಗೆಳತಿ ಮಸಾಲೆ ದೋಸೆ ಹೇಳಿದಳು, ನಾನು "ಐಲ್ ಹ್ಯಾವ್ ದಿ ಸೇಮ್" ಅಂದೆ ಅನ್ನಿ. ನನಗೆ ಇನ್ನೊಂದು ಮಸಾಲೆ ದೋಸೆ ಬರುತ್ತದೆ. "ಐಲ್ ಹ್ಯಾವ್ ಇಟ್" ಅಂದರೆ ಅವಳ ತಟ್ಟೆಯ ದೋಸೆಯೇ ನನಗೆ ಬೇಕು ಅಂದಂತೆ. ಒಂದು ಅಂಥದ್ದೇ, ಇನ್ನೊಂದು ಅದೇ. ಕನ್ನಡದಲ್ಲಿ ಈ ವ್ಯತ್ಯಾಸ ನಮಗೆ ಹುಟ್ಟಿನಿಂದ ಗೊತ್ತು. ಹಾಗಾಗಿ ಪತ್ರದಲ್ಲಿ ದಿ ಸೇಮ್ ಕಂಡಾಗ ಮನಸ್ಸಿನಲ್ಲಿ ಕೇಳಿಕೊಳ್ಳುತ್ತೇನೆ, ಇಲ್ಲಿ ಅದನ್ನು ಅನ್ನುತ್ತೇನಾ, ಅಂಥದ್ದೇ ಅನ್ನುತ್ತೇನಾ? ಅದನ್ನು ಅಂತ ಬಂದರೆ ಇಟ್ ಹಾಕುತ್ತೇನೆ. ಪಂಪ್ ಪತ್ರ ಈಗ ಹೀಗಿದೆ: "ವಿ ಹ್ಯಾವ್ ರಿಸೀವ್ಡ್ ಯುವರ್ ಪಂಪ್ ಆ್ಯಂಡ್ ಚೆಕ್ಡ್ ಇಟ್. ಪ್ಲೀಸ್ ಕಲೆಕ್ಟ್ ಇಟ್." ರಿಸೀವ್ಡ್ ಮುಂದಿದ್ದ "ವಿ ಹ್ಯಾವ್" ಚೆಕ್ಡ್‌ಗೂ ಸಾಕಾಯಿತು, ಎರಡನೆಯ ಸಲ ಬೇಕಾಗಲಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ ಖಾಲಿ ಜಾಗ ಮೋಸ ಮಾಡುವುದುಂಟು. ಶಾಪ್ ಫ್ಲೋರ್‌ಗೆ ಒಂದು ಕೆಲಸದ ಪಟ್ಟಿ ಬರೆಯುವಾಗ ಹೀಗಾಯಿತು. "ದಿ ಸೀನಿಯರ್ ಆಪರೇಟರ್ ಚೆಕ್ಸ್ ಹಿಸ್ ಮಷೀನ್ ಅಟ್ ಎಯ್ಟ್, ಆ್ಯಂಡ್ ದಿ ಹೆಲ್ಪರ್ ಡಸ್ ಟೂ." ಹೆಲ್ಪರ್ ಯಾರ ಮಷೀನ್ ನೋಡಬೇಕು? ತನ್ನದಾ, ಸೀನಿಯರ್‌ದಾ? ಇಂಗ್ಲಿಷ್ ಎರಡಕ್ಕೂ ಒಪ್ಪುತ್ತದೆ. ಡಸ್ ದಿ ಸೇಮ್ ಅಂತ ಬದಲಿಸಿದರೂ ಗೊಂದಲ ಹೋಗುವುದಿಲ್ಲ, ಯಾಕೆಂದರೆ ಹಿಸ್ ಅನ್ನುವ ಪದ ಖಾಲಿ ಜಾಗದೊಳಗೆ ಕೂತುಬಿಟ್ಟಿದೆ, ಅದು ಯಾರ ಕಡೆ ತಿರುಗಿದೆ ಅಂತ ಕಾಣುವುದಿಲ್ಲ. ಕನ್ನಡದಲ್ಲಿ "ತನ್ನ ಮಷೀನ್ ನೋಡುತ್ತಾನೆ, ಹೆಲ್ಪರ್ ಕೂಡ" ಅಂದರೆ ತನ್ನ ಅನ್ನುವುದು ಬಹುಮಟ್ಟಿಗೆ ಹೆಲ್ಪರ್ ಕಡೆಯೇ ವಾಲುತ್ತದೆ. ಹಾಗಾಗಿ ಬರೆಯುವಾಗ ನನಗೆ ಗೊಂದಲ ಕಾಣಿಸಲೇ ಇಲ್ಲ. ಸೂಪರ್‌ವೈಸರ್ ಕೇಳಿದ ಮೇಲೆ ತಿದ್ದಿದೆ: "ಈಚ್ ಚೆಕ್ಸ್ ಹಿಸ್ ಓನ್ ಮಷೀನ್ ಅಟ್ ಎಯ್ಟ್."

ಈಗ ಯಾವ ಪುಟ ಮುಗಿದರೂ ಒಂದು ಕೆಲಸ ಮಾಡುತ್ತೇನೆ. ಪೆನ್ಸಿಲ್ ಹಿಡಿದು ಪ್ರತಿ ಡು, ಡಸ್, ಸೋ, ಸೇಮ್, ಒನ್, ಇಟ್ ಸುತ್ತ ಒಂದು ಗೋಲ ಹಾಕುತ್ತೇನೆ. ಅಲ್ಲಿಂದ ಹಿಂದಕ್ಕೆ ಗೆರೆ ಎಳೆದು, ಅದು ಯಾವ ಪದಗಳಿಗೆ ನಿಂತಿದೆಯೋ ಅವನ್ನು ಮುಟ್ಟಿಸುತ್ತೇನೆ. ಗೆರೆ ಒಂದೇ ಜಾಗಕ್ಕೆ ಹೋದರೆ ಹಾಗೇ ಬಿಡುತ್ತೇನೆ. ಎರಡು ಜಾಗಕ್ಕೆ ಹೋಗಬಹುದು ಅನ್ನಿಸಿದರೆ, ಅಥವಾ ಹಿಂದಿನ ಪುಟಕ್ಕೆ ಹೋಗಬೇಕಾದರೆ, ಗೋಲ ಅಳಿಸಿ ಪೂರ್ತಿ ಪದ ಬರೆಯುತ್ತೇನೆ. ಹೋದ ವಾರದ ಹನ್ನೆರಡು ಪುಟದಲ್ಲಿ ಹಾಗೆ ಅಳಿಸಬೇಕಾಗಿ ಬಂದದ್ದು ನಾಲ್ಕು. ಅದರಲ್ಲಿ ಮೂರು ಎಚ್ಚರಿಕೆಯ ಚೌಕಟ್ಟಿನೊಳಗೇ ಇದ್ದವು.